ಕುತ್ತಿಗೆಯ ಗಂಟು, ಬೆರಳಿನ ಕಾಟ

ಮೂವತ್ತು ದಾಟಿದ ಬ್ಯಾಂಕ್ ನೌಕರನೊಬ್ಬನಿಗೆ ಮುಖಕ್ಷೌರ ಮಾಡುವಾಗ ದವಡೆಯ ಕೆಳಗೆ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ನೆಗಡಿ, ಹಲ್ಲಿನ ಸೋಂಕು ಬಂದಾಗ ಅಲ್ಲಿನ ದುಗ್ಧಗ್ರಂಥಿ ಊದುತ್ತದೆ. ಸಣಕಲು ಮೈಯವರಿಗೆ ಏನೂ ಇಲ್ಲದಾಗಲೂ ಕೈಗೆ ಸಿಗುವುದುಂಟು. ಡಾಕ್ಟರು ಪರೀಕ್ಷಿಸಿ ಚಿಂತೆಯಿಲ್ಲ ಎಂದರು. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮರುದಿನ ಮಧ್ಯಾಹ್ನ ಬೆರಳು ಮತ್ತೆ ಅಲ್ಲಿಗೇ ಹೋಯಿತು.

ಡಾಕ್ಟರು ಸರಿಯಾಗಿ ಒತ್ತಿ ನೋಡಿದರೋ ಇಲ್ಲವೋ? ಎರಡು ದಿನ ಹೀಗೆ ಹಿಸುಕಿದ್ದಕ್ಕೆ ಗಂಟು ನೋಯತೊಡಗಿತು. ಮೊದಲು ನೋವಿರಲಿಲ್ಲ, ಈಗಿದೆ, ಅಂದರೆ ರೋಗ ಬೆಳೆಯುತ್ತಿದೆ ಎಂದು ಅವನು ಲೆಕ್ಕ ಹಾಕಿದ. ನೋವು ತಂದದ್ದು ತನ್ನದೇ ಬೆರಳು ಎಂಬುದು ಹೊಳೆಯಲೇ ಇಲ್ಲ.

ಆಮೇಲೆ ಮೊಬೈಲು. 2009ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರಾದ ರಯಾನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ ಇಂಥ ಹುಡುಕಾಟವನ್ನು ಅಧ್ಯಯನ ಮಾಡಿದರು. ತಲೆನೋವು ಎಂದು ಹುಡುಕಿದರೆ, ಕಾಫಿ ಬಿಟ್ಟಿದ್ದರಿಂದ ಬರುವ ತಲೆನೋವಿನಷ್ಟೇ ಮಿದುಳಿನ ಗಡ್ಡೆಯೂ ಫಲಿತಾಂಶಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕಾಫಿ ಬಿಟ್ಟು ತಲೆ ನೋಯಿಸಿಕೊಳ್ಳುವವರು ಎಷ್ಟೋ ಮಂದಿ, ಗಡ್ಡೆ ತೀರಾ ಅಪರೂಪ. ಆ ವ್ಯತ್ಯಾಸ ಪರದೆಯ ಮೇಲೆ ಕಾಣುವುದಿಲ್ಲ.

"ಅಕ್ಕಾ, ಒಂಚೂರು ಮುಟ್ಟಿ ನೋಡೇ, ನಿನ್ನೆಗಿಂತ ದೊಡ್ಡದಾಗಿದ್ಯಾ?"

"ಏನೂ ಆಗಿಲ್ಲ ಕಣೋ, ಸುಮ್ನಿರು."

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ಪ್ರೀತಿಯಿಂದಲೇ ಹೀಗೆ ಹೇಳುತ್ತಾಳೆ. ತೊಡಕು ಇರುವುದೂ ಇಲ್ಲೇ. ಕೇಳಿದ ಕೂಡಲೇ ಭಯ ಇಳಿಯುತ್ತದೆ, ಹಾಗಾಗಿ ಭಯ ಬಂದಾಗ ಕೇಳಬೇಕು ಎಂದು ಮನಸ್ಸು ಕಲಿಯುತ್ತದೆ. ಕೇಳದಿದ್ದರೂ ಆ ಭಯ ತಾನಾಗಿ ಇಳಿಯುತ್ತಿತ್ತು ಎಂಬುದನ್ನು ಕಲಿಯಲು ಮಾತ್ರ ಅವಕಾಶವೇ ಸಿಗುವುದಿಲ್ಲ. ಬ್ರಿಟನ್ನಿನ ಪಾಲ್ ಸಾಲ್ಕೊವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ 1986ರಲ್ಲೇ ಇದನ್ನು ವಿವರಿಸಿದ್ದರು.

ಇದಕ್ಕೆ ಕೊಡುವ ಅರಿವು-ವರ್ತನಾ ಚಿಕಿತ್ಸೆಯಲ್ಲಿ 'ರೋಗವಿಲ್ಲ' ಎಂದು ವಾದಿಸುತ್ತಾ ಕೂರುವುದಿಲ್ಲ, ಪ್ರಯೋಗ ಮಾಡಿಸುತ್ತಾರೆ. ಎರಡು ದಿನ ಎಂದಿನಂತೆ ಗಂಟನ್ನು ಒತ್ತುವುದು, ಮುಂದಿನ ಕೆಲವು ದಿನ ಮುಟ್ಟದಿರುವುದು, ನೋವು ಮತ್ತು ಭಯಕ್ಕೆ ದಿನವೂ ಹತ್ತರಲ್ಲಿ ಅಂಕ ಕೊಟ್ಟು ಬರೆದಿಡುವುದು. ಮುಟ್ಟದ ಮೊದಲ ದಿನ ಭಯ ಏರುವುದು ಸಹಜ, ಅಲ್ಲೇ ಹಲವರು ಕೈಬಿಡುತ್ತಾರೆ. ಅದನ್ನು ದಾಟಿದವರಿಗೆ ಬೆರಳಿಗೂ ನೋವಿಗೂ ಇರುವ ನಂಟು ತಮ್ಮದೇ ಬರಹದಲ್ಲಿ ಕಾಣುತ್ತದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಪೀಟರ್ ಟೈರರ್ ತಂಡ 444 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಈ ಚಿಕಿತ್ಸೆಯ ಫಲ ಎರಡು ವರ್ಷದ ನಂತರವೂ ಉಳಿದಿತ್ತು. ಎಲ್ಲರೂ ಪೂರ್ತಿ ಗುಣವಾಗಲಿಲ್ಲ ಎಂಬುದನ್ನೂ ಹೇಳಬೇಕು.

ಗಂಟು ಬೆಳೆಯುತ್ತಾ ಹೋದರೆ, ಕಲ್ಲಿನಂತೆ ಗಟ್ಟಿಯಾದರೆ, ಕೆಲವು ವಾರ ಕಳೆದರೂ ಇಳಿಯದಿದ್ದರೆ, ಜೊತೆಗೆ ಜ್ವರ ಬಂದರೆ ಇಲ್ಲವೇ ಮೈ ಇಳಿದರೆ ಮತ್ತೆ ಡಾಕ್ಟರನ್ನು ಕಾಣಲೇಬೇಕು. ಆ ಲಕ್ಷಣಗಳು ಇಲ್ಲದಿರುವಾಗ ಅಕ್ಕ ಗಂಟನ್ನು ಮುಟ್ಟದೆ, "ಭಯ ಆಗ್ತಿದೆ ಅಂತ ಗೊತ್ತು ಕಣೋ, ಬಾ, ಊಟ ಮಾಡೋಣ" ಎನ್ನಬಹುದು. ಈ ಉತ್ತರವನ್ನು ತಮ್ಮ ನೆಮ್ಮದಿಯಾಗಿರುವ ಹೊತ್ತಿನಲ್ಲೇ ಇಬ್ಬರೂ ಮಾತಾಡಿ ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಅಕ್ಕ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಅವನ ದಿಗಿಲು ಇನ್ನಷ್ಟು ಹೆಚ್ಚುತ್ತದೆ.