76 ವರ್ಷ ಕಾಯುವ ಬದಲು ದಿನಗೂಲಿ

ಬಿಟ್‌ಕಾಯಿನ್ ಜಾಲದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಹೊಸ ಬ್ಲಾಕ್ ಸೇರುತ್ತದೆ. ಅದನ್ನು ಕಂಡುಹಿಡಿದವರಿಗೆ 2024ರ ಏಪ್ರಿಲ್‌ನಿಂದೀಚೆಗೆ 3.125 ಬಿಟ್‌ಕಾಯಿನ್ ಬಹುಮಾನ, ಜೊತೆಗೆ ಆ ಬ್ಲಾಕ್‌ನಲ್ಲಿರುವ ವಹಿವಾಟುಗಳ ಶುಲ್ಕ. ಎರಡನೆಯವರಾಗಿ ಬಂದವರಿಗೆ ಬಿಡಿಗಾಸೂ ಇಲ್ಲ.

ಒಬ್ಬರ ಬಳಿ ಸೆಕೆಂಡಿಗೆ 200 ಲಕ್ಷ ಕೋಟಿ ಹ್ಯಾಶ್ ಲೆಕ್ಕ ಮಾಡುವ ಒಂದು ಯಂತ್ರವಿದೆ ಎನ್ನಿ. ಇವತ್ತಿನ ಮಟ್ಟಿಗೆ ಅದು ಒಳ್ಳೆಯ ಯಂತ್ರವೇ. ಆದರೆ ಇಡೀ ಜಾಲದ ಶಕ್ತಿ ಇಂಥ ಸುಮಾರು 40 ಲಕ್ಷ ಯಂತ್ರಗಳಷ್ಟು. 2025ರ ಆರಂಭದಲ್ಲಿ ಹೆಚ್ಚುಕಡಿಮೆ ಅಷ್ಟೇ ಇತ್ತು. ವರ್ಷಕ್ಕೆ ಹುಟ್ಟುವ ಬ್ಲಾಕ್‌ಗಳು ಸುಮಾರು 52,560. ಭಾಗಿಸಿ ನೋಡಿದರೆ ಈ ಯಂತ್ರದ ಪಾಲಿಗೆ ಒಂದು ಬ್ಲಾಕ್ ಬರುವುದು ಸರಾಸರಿ 76 ವರ್ಷಕ್ಕೊಮ್ಮೆ. ಅದೂ ಸರಾಸರಿ ಅಷ್ಟೇ. ಪೂರ್ತಿ 76 ವರ್ಷ ಕಾದರೂ ಒಂದೂ ಸಿಗದೆ ಹೋಗುವ ಸಾಧ್ಯತೆ ನೂರಕ್ಕೆ 37ರಷ್ಟಿದೆ. ಯಂತ್ರವಂತೂ ಅಷ್ಟು ಕಾಲ ಬಾಳುವುದಿಲ್ಲ.

ಈ ತೊಡಕು 2010ರಲ್ಲೇ ಕಾಣಿಸಿಕೊಂಡಿತ್ತು. ಕೆಲವರು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಗಣಿಗಾರಿಕೆಗೆ ಹಚ್ಚಿದ ಮೇಲೆ, ಮನೆಯ ಸಾದಾ ಕಂಪ್ಯೂಟರ್ ಇಟ್ಟುಕೊಂಡವರಿಗೆ ಬ್ಲಾಕ್ ಸಿಗುವುದೇ ಅಪರೂಪವಾಯಿತು. ಜೆಕ್ ಗಣರಾಜ್ಯದ ಮಾರೆಕ್ ಪಲಾಟಿನಸ್ ಎಂಬ ಪ್ರೋಗ್ರಾಮರ್ ಒಂದು ಸರ್ವರ್ ನಿಲ್ಲಿಸಿ, ಎಲ್ಲರೂ ಸೇರಿ ಹುಡುಕೋಣ, ಸಿಕ್ಕಿದ್ದನ್ನು ದುಡಿಮೆಗೆ ತಕ್ಕಂತೆ ಹಂಚಿಕೊಳ್ಳೋಣ ಎಂದ. ಆ ಸರ್ವರ್ ತನ್ನ ಮೊದಲ ಬ್ಲಾಕ್ ಕಂಡದ್ದು 2010ರ ಡಿಸೆಂಬರ್‌ನಲ್ಲಿ. ಮುಂದೆ ಅದು ಸ್ಲಶ್ ಪೂಲ್ ಎಂದು ಹೆಸರಾಯಿತು. ಈಗ ಬ್ರೇನ್ಸ್ ಪೂಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಸೇರಿ ದುಡಿಯುವುದೇನೋ ಸರಿ, ಮುಖ ನೋಡದ ಜನರ ದುಡಿಮೆಯನ್ನು ಅಳೆಯುವುದು ಹೇಗೆ? ನನ್ನ ಯಂತ್ರ ರಾತ್ರಿಯಿಡೀ ಓಡಿತು ಎಂದು ಯಾರು ಬೇಕಾದರೂ ಹೇಳಬಹುದು. ಇದಕ್ಕೆ ಸಿಕ್ಕ ಉಪಾಯ ಸರಳವಾದದ್ದು. ಬ್ಲಾಕ್ ಗೆಲ್ಲಬೇಕಾದರೆ ಹ್ಯಾಶ್ ಎಂಬ ಸಂಖ್ಯೆ ಜಾಲ ಗೊತ್ತುಮಾಡಿದ ಮಿತಿಗಿಂತ ಕೆಳಗೆ ಬರಬೇಕು. ಪೂಲ್ ತನ್ನ ಸದಸ್ಯರಿಗೆ ಅದಕ್ಕಿಂತ ಎಷ್ಟೋ ಪಾಲು ಸಡಿಲವಾದ ಇನ್ನೊಂದು ಮಿತಿ ಕೊಡುತ್ತದೆ. ಆ ಸಡಿಲ ಮಿತಿಯೊಳಗೆ ಬಿದ್ದ ಪ್ರತಿ ಉತ್ತರಕ್ಕೂ ‘ಷೇರ್’ ಎಂದು ಹೆಸರು. ಷೇರ್‌ಗೆ ಜಾಲದಲ್ಲಿ ಬೆಲೆಯಿಲ್ಲ. ಆದರೆ ಲಕ್ಷ ಕೋಟಿಗಟ್ಟಲೆ ಸಲ ಪ್ರಯತ್ನಿಸದೆ ಅದು ಸಿಗುವುದೂ ಇಲ್ಲ. ಹಾಗಾಗಿ ಷೇರ್ ಎಣಿಸಿದರೆ ದುಡಿಮೆ ಎಣಿಸಿದಂತೆ.

ನಮ್ಮ 200 ಲಕ್ಷ ಕೋಟಿಯ ಯಂತ್ರಕ್ಕೆ ಪೂಲ್ 5 ಲಕ್ಷದ ಕಠಿಣತೆ ಕೊಟ್ಟರೆ, ಸುಮಾರು 11 ಸೆಕೆಂಡಿಗೊಂದು ಷೇರ್ ಬರುತ್ತದೆ, ದಿನಕ್ಕೆ 8,000. ಇಂಥ ಸುಮಾರು 22 ಕೋಟಿ ಷೇರ್‌ಗಳಲ್ಲಿ ಒಂದು ಮಾತ್ರ ಜಾಲದ ನಿಜವಾದ ಮಿತಿಯೊಳಗೂ ಬೀಳುತ್ತದೆ. ಅದೇ ಬ್ಲಾಕ್. ಅಂಥದ್ದು ಸಿಕ್ಕಾಗ ಸದಸ್ಯ ಅದನ್ನು ತನ್ನ ಹೆಸರಿಗೆ ಮಾಡಿಕೊಂಡು ಓಡಿಹೋಗಬಹುದಲ್ಲವೇ? ಆಗುವುದಿಲ್ಲ. ಬಹುಮಾನ ಯಾವ ವಿಳಾಸಕ್ಕೆ ಹೋಗಬೇಕೆಂಬುದು ಹ್ಯಾಶ್ ಮಾಡುವ ಮಾಹಿತಿಯೊಳಗೇ ಹೆಣೆದುಕೊಂಡಿರುತ್ತದೆ. ಪೂಲ್‌ನ ವಿಳಾಸ ತೆಗೆದು ತನ್ನದನ್ನು ಹಾಕಿದ ಕೂಡಲೇ ಹ್ಯಾಶ್ ಬದಲಾಗಿ, ಗೆದ್ದ ಉತ್ತರ ಕಸವಾಗುತ್ತದೆ.

ಅಳತೆ ಸಿಕ್ಕಿತು. ಹಂಚುವ ನಿಯಮ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಯಾರಿಗಾದರೂ ಮೊದಲು ಹೊಳೆಯುವುದು ಇದು: ಹಿಂದಿನ ಬ್ಲಾಕ್‌ನಿಂದ ಈ ಬ್ಲಾಕ್‌ವರೆಗೆ ಯಾರು ಎಷ್ಟು ಷೇರ್ ಕೊಟ್ಟರೋ ಅದರ ಪ್ರಮಾಣದಲ್ಲಿ ಹಂಚುವುದು. ನ್ಯಾಯವೆನಿಸುತ್ತದೆ. ಆದರೆ ಒಂದು ಸುತ್ತು ಬೇಗ ಮುಗಿದರೆ ಬಹುಮಾನ ಕೆಲವೇ ಷೇರ್‌ಗಳಿಗೆ ಹಂಚಿಹೋಗಿ ಒಂದೊಂದಕ್ಕೂ ಹೆಚ್ಚು ಸಿಗುತ್ತದೆ. ಎಳೆದಾಡಿದರೆ ಅದೇ ಬಹುಮಾನ ತೆಳ್ಳಗಾಗುತ್ತದೆ. ಅಂದರೆ ಸುತ್ತಿನ ಆರಂಭದಲ್ಲಿ ಕೊಟ್ಟ ಷೇರ್‌ಗೆ ನಿರೀಕ್ಷಿಸಬಹುದಾದ ಬೆಲೆ ಹೆಚ್ಚು, ತಡವಾಗಿ ಕೊಟ್ಟದ್ದಕ್ಕೆ ಕಡಿಮೆ. ಚಾಲಾಕಿಗಳು ಇದನ್ನು ಬೇಗ ಪತ್ತೆ ಮಾಡಿದರು. ಸುತ್ತು ಶುರುವಾದಾಗ ಬಂದು ಸೇರುವುದು, ಹಳತಾಗುತ್ತಲೇ ಬೇರೆ ಪೂಲ್‌ಗೆ ಜಿಗಿಯುವುದು. ಇಸ್ರೇಲಿನ ಗಣಿತಜ್ಞ ಮೆನಿ ರೋಸೆನ್‌ಫೆಲ್ಡ್ 2011ರಲ್ಲಿ ಇದನ್ನೆಲ್ಲ ಕೂಲಂಕಷವಾಗಿ ಲೆಕ್ಕ ಹಾಕಿದರು. ಒಂದು ಬ್ಲಾಕ್‌ಗೆ ಸರಾಸರಿ ಬೇಕಾಗುವ ಷೇರ್‌ಗಳಲ್ಲಿ ಶೇ 43.5ರಷ್ಟು ಬಂದ ಮೇಲೆ ಜಾಗ ಖಾಲಿ ಮಾಡುವುದೇ ಲಾಭ ಎಂಬುದು ಆ ಲೆಕ್ಕದ ಉತ್ತರ. ನಷ್ಟ ಯಾರಿಗೆ? ನಿಯತ್ತಿನಿಂದ ಹಗಲೂ ರಾತ್ರಿ ಒಂದೇ ಪೂಲ್‌ನಲ್ಲಿ ಉಳಿದವರಿಗೆ.

ಇದಕ್ಕೆ ಮದ್ದಾಗಿ ಬಂದದ್ದು ಪಿಪಿಎಲ್‌ಎನ್‌ಎಸ್. ಇಲ್ಲಿ ಸುತ್ತು ಎಂಬುದೇ ಇಲ್ಲ. ಬ್ಲಾಕ್ ಸಿಕ್ಕ ಗಳಿಗೆಯಿಂದ ಹಿಂದಕ್ಕೆ ಎಣಿಸಿ, ಕೊನೆಯ ಇಂತಿಷ್ಟು ಷೇರ್‌ಗಳಿಗೆ ಮಾತ್ರ ಹಣ. ಇಂದು ಕೊಟ್ಟ ಷೇರ್‌ಗೆ ಮುಂದೆ ಬರುವ ಬ್ಲಾಕ್‌ಗಳಿಂದ ಬೆಲೆ ಬರುವುದರಿಂದ, ಯಾವಾಗ ಸೇರಿದರೂ ನಿರೀಕ್ಷೆ ಒಂದೇ. ಆದರೆ ಅದೃಷ್ಟದ ಏರಿಳಿತ ಸದಸ್ಯರ ತಲೆಯ ಮೇಲೇ ಉಳಿಯುತ್ತದೆ. ಪೂಲ್‌ಗೆ ಒಂದು ವಾರ ಕೆಟ್ಟದಾಗಿದ್ದರೆ ಎಲ್ಲರಿಗೂ ಕೆಟ್ಟ ವಾರವೇ.

ಅದೂ ಬೇಡವೆನ್ನುವವರಿಗೆ ಪಿಪಿಎಸ್ ಇದೆ. ಊರಿನ ಡೇರಿಯಲ್ಲಿ ಹಾಲು ಅಳೆದು ಲೀಟರಿಗಿಷ್ಟು ಎಂದು ಬರೆದುಕೊಳ್ಳುವ ಹಾಗೆ, ಇಲ್ಲಿ ಷೇರ್‌ಗೆ ನಿಗದಿತ ದರ. ಪೂಲ್‌ಗೆ ಬ್ಲಾಕ್ ಸಿಗಲಿ ಬಿಡಲಿ, ಸದಸ್ಯನಿಗೆ ಹಣ ಖಚಿತ. ನಮ್ಮ ಯಂತ್ರದ ಒಂದು ಷೇರ್‌ಗೆ ಸುಮಾರು 1.4 ಸತೋಶಿ (ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ), ದಿನಕ್ಕೆ ಸುಮಾರು 11,250 ಸತೋಶಿ. ಅದೃಷ್ಟ ಕೆಟ್ಟಾಗ ಕೈಯಿಂದ ಹಾಕಬೇಕಾದವರು ಪೂಲ್ ನಡೆಸುವವರು. ಅದಕ್ಕೇ ಇಲ್ಲಿ ಅವರ ಕಮಿಷನ್ ಜಾಸ್ತಿ. ಸೇರುವ ಮುನ್ನ ಕೇಳಲೇಬೇಕಾದ ಇನ್ನೊಂದು ವಿಷಯ, ವಹಿವಾಟು ಶುಲ್ಕ ಯಾರಿಗೆ ಎಂಬುದು. 2024ರ ಏಪ್ರಿಲ್‌ನಲ್ಲಿ 8,40,000ನೇ ಬ್ಲಾಕ್ ವಯಾಬಿಟಿಸಿ ಪೂಲ್‌ಗೆ ಸಿಕ್ಕಿತು. ಅದರ ಬಹುಮಾನ 3.125 ಬಿಟ್‌ಕಾಯಿನ್ ಆದರೆ, ಶುಲ್ಕವೇ 37ಕ್ಕೂ ಹೆಚ್ಚು! ಸಾದಾ ಪಿಪಿಎಸ್ ದರದಲ್ಲಿ ಶುಲ್ಕದ ಪಾಲು ಸೇರಿರುವುದಿಲ್ಲ. ಅದನ್ನೂ ಸರಾಸರಿ ಮಾಡಿ ಸೇರಿಸಿಕೊಡುವ ಪದ್ಧತಿಗೆ ಎಫ್‌ಪಿಪಿಎಸ್ ಎನ್ನುತ್ತಾರೆ.

ಪೂಲ್‌ನವರ ನಿದ್ದೆ ಕೆಡಿಸುವ ಮೋಸ ಬೇರೆಯೇ. ಒಬ್ಬ ಸದಸ್ಯ ಎಲ್ಲ ಷೇರ್‌ಗಳನ್ನೂ ತಪ್ಪದೆ ಕಳಿಸುತ್ತಾನೆ, ಆದರೆ ಬ್ಲಾಕ್ ಆಗುವಂಥದ್ದು ಸಿಕ್ಕರೆ ಮಾತ್ರ ಸದ್ದಿಲ್ಲದೆ ಎಸೆದುಬಿಡುತ್ತಾನೆ. 22 ಕೋಟಿಯಲ್ಲಿ ಒಂದನ್ನು ಬಿಟ್ಟರೆ ಅವನ ಕೂಲಿಗೆ ಏನೂ ಕಡಿಮೆಯಾಗದು. ಪೂಲ್‌ಗೆ ಮಾತ್ರ ಇಡೀ ಬಹುಮಾನ ಹೋಗುತ್ತದೆ. 2014ರಲ್ಲಿ ಎಲಿಜಿಯಸ್ ಎಂಬ ಪೂಲ್ ಹೀಗೆ ಸುಮಾರು 300 ಬಿಟ್‌ಕಾಯಿನ್ ಕಳೆದುಕೊಂಡಿತು. ಹಿಡಿಯುವ ದಾರಿ ಒಂದೇ, ಅಂಕಿಸಂಖ್ಯೆ. ಹತ್ತು ಬ್ಲಾಕ್ ಬರುವಷ್ಟು ಷೇರ್ ಕೊಟ್ಟವನಿಂದ ಒಂದೂ ಬರದಿದ್ದರೆ ಅನುಮಾನಿಸಬಹುದು. ಆದರೆ ಅದೇ ಯಂತ್ರಗಳನ್ನು ನೂರಾರು ಚಿಕ್ಕ ಖಾತೆಗಳಿಗೆ ಹಂಚಿಟ್ಟವನನ್ನು ಹಿಡಿಯುವುದು ಕಷ್ಟ. ಒಂದೇ ಯಂತ್ರದವರಿಗೆ 76 ವರ್ಷ ಬ್ಲಾಕ್ ಸಿಗದಿರುವುದು ಸಹಜವೇ ತಾನೆ?

ಚಿಕ್ಕವರು ಗಮನಿಸಬೇಕಾದ ನಷ್ಟ ಇಷ್ಟು ನಾಟಕೀಯವಲ್ಲ. ಜಾಲದಲ್ಲಿ ಹೊಸ ಬ್ಲಾಕ್ ಬಂದ ಮೇಲೆ ಹಳೆಯ ಕೆಲಸದ ಷೇರ್ ತಲುಪಿದರೆ ಪೂಲ್ ಅದನ್ನು ಹಳಸಲೆಂದು ತಳ್ಳಿಹಾಕುತ್ತದೆ. ಖಾತೆಯ ಪುಟದಲ್ಲಿ ಒಪ್ಪಿದ ಷೇರ್‌ಗಳ ಪಕ್ಕದಲ್ಲೇ ತಿರಸ್ಕೃತವಾದವುಗಳ ಸಂಖ್ಯೆಯೂ ಇರುತ್ತದೆ. ಅದು ಏರುತ್ತಿದ್ದರೆ ಇಂಟರ್‌ನೆಟ್ ಸಂಪರ್ಕ ನಿಧಾನವಿರಬಹುದು, ಇಲ್ಲವೇ ಪೂಲ್‌ನ ಸರ್ವರ್ ತೀರಾ ದೂರವಿರಬಹುದು.

ಇಷ್ಟಾಗಿ ಇದು ನಮ್ಮಲ್ಲಿ ಗಿಟ್ಟುತ್ತದೆಯೇ? ಈ ಬಗೆಯ ಯಂತ್ರ ಸುಮಾರು 3.5 ಕಿಲೋವಾಟ್ ಎಳೆಯುತ್ತದೆ, ದಿನಕ್ಕೆ 84 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 588 ರೂಪಾಯಿ. ಮೇಲೆ ಹೇಳಿದ 11,250 ಸತೋಶಿಯಿಂದ ಬರೀ ಕರೆಂಟಿನ ಹಣ ಹುಟ್ಟಬೇಕಾದರೂ ಬಿಟ್‌ಕಾಯಿನ್ ದರ 52 ಲಕ್ಷ ರೂಪಾಯಿ ದಾಟಿರಬೇಕು. ಯಂತ್ರದ ಬೆಲೆ, ಪೂಲ್‌ನ ಕಮಿಷನ್ ಇದರಲ್ಲಿ ಸೇರಿಲ್ಲ. ಭಾರತದಲ್ಲಿ ಕ್ರಿಪ್ಟೊ ಮಾರಾಟದ ಲಾಭಕ್ಕೆ ಶೇ 30 ತೆರಿಗೆಯಿದೆ. ಗಣಿಗಾರಿಕೆಯ ಮೂಲಸೌಕರ್ಯಕ್ಕೆ ಹಾಕಿದ ಹಣವನ್ನು ಖರೀದಿ ವೆಚ್ಚವೆಂದು ಅದರಲ್ಲಿ ಕಳೆಯುವಂತಿಲ್ಲ ಎಂದು ಹಣಕಾಸು ಸಚಿವಾಲಯ 2022ರ ಮಾರ್ಚ್‌ನಲ್ಲಿ ಲೋಕಸಭೆಗೆ ತಿಳಿಸಿದೆ.