ಹೊಸ ಬಾಟಲಿ ಬಂದಾಗ ಹಳೆಯ ಪೊಟ್ಟಣದ ಲೆಕ್ಕ

ಕಾಫಿಪುಡಿ ಮಾರುವ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಒಂದು ಪೊಟ್ಟಣ ಮಾರಿದರೆ ಬೀಜ, ಪ್ಯಾಕಿಂಗ್, ಸಾಗಣೆಯ ಖರ್ಚು ಕಳೆದು ಅದಕ್ಕೆ 40 ರೂಪಾಯಿ ಉಳಿಯುತ್ತದೆ. ಈಗ ಅದು ಸಿದ್ಧ ಡಿಕಾಕ್ಷನ್ ಬಾಟಲಿ ತರಲು ಹೊರಟಿದೆ. ಐದು ವರ್ಷ ಬಾಳುವ ಯಂತ್ರಕ್ಕೆ 60 ಲಕ್ಷ ಬೇಕು. ಬಾಟಲಿಗೆ 25 ರೂಪಾಯಿ ಉಳಿಯುತ್ತದೆ, ವರ್ಷಕ್ಕೆ ಒಂದು ಲಕ್ಷ ಬಾಟಲಿ ಖರ್ಚಾಗುತ್ತವೆ ಎಂಬುದು ಅಂದಾಜು. ತೆರಿಗೆಯನ್ನು ಬದಿಗಿಟ್ಟು ಶೇ 10ರ ದರದಲ್ಲಿ ಲೆಕ್ಕ ಹಾಕಿದರೆ, ವರ್ಷಕ್ಕೆ 25 ಲಕ್ಷದಂತೆ ಐದು ವರ್ಷ ಬರುವ ಹಣದ ಇಂದಿನ ಮೌಲ್ಯ ಸುಮಾರು 95 ಲಕ್ಷ. ಬಂಡವಾಳ ಕಳೆದರೂ 35 ಲಕ್ಷ ಮಿಗುತ್ತದೆ.

ಆದರೆ ಆ ಬಾಟಲಿ ಕೊಳ್ಳುವವರು ಯಾರು? ನೂರರಲ್ಲಿ ನಲವತ್ತು ಮಂದಿ ನಿನ್ನೆಯವರೆಗೆ ಇದೇ ಕಂಪನಿಯ ಪುಡಿ ಕೊಳ್ಳುತ್ತಿದ್ದವರಾದರೆ, ಒಂದು ಬಾಟಲಿಗೆ ಒಂದು ಪೊಟ್ಟಣದಂತೆ ವರ್ಷಕ್ಕೆ 40,000 ಪೊಟ್ಟಣಗಳ ಮಾರಾಟ ಕೈತಪ್ಪುತ್ತದೆ. ಹಣಕಾಸಿನವರು ಕ್ಯಾನಿಬಲೈಸೇಶನ್ ಎನ್ನುವುದು ಇದನ್ನೇ. ಇಲ್ಲಿ ಪೊಟ್ಟಣದ ಪೂರ್ತಿ ಬೆಲೆಯನ್ನು ನಷ್ಟವೆಂದು ಹಿಡಿಯಬಾರದು, ಏಕೆಂದರೆ ಮಾರದ ಪುಡಿಗೆ ಬೀಜ ಕೊಳ್ಳಬೇಕಿಲ್ಲ. ಹೋಗುವುದು ಉಳಿಯುತ್ತಿದ್ದ 40 ರೂಪಾಯಿ ಮಾತ್ರ. ಅಷ್ಟಾದರೂ ಅದು ವರ್ಷಕ್ಕೆ 16 ಲಕ್ಷ. ಬಾಟಲಿಯಿಂದ ನಿಜವಾಗಿ ಹೆಚ್ಚುವರಿಯಾಗಿ ಬಂದದ್ದು ಬರೀ 9 ಲಕ್ಷ. ಐದು ವರ್ಷದ ಮೌಲ್ಯ 34 ಲಕ್ಷಕ್ಕೆ ಇಳಿದು, ಯೋಜನೆ 26 ಲಕ್ಷ ನಷ್ಟಕ್ಕೆ ಬೀಳುತ್ತದೆ. ಈ ಯಂತ್ರ ತನ್ನ ಬಂಡವಾಳ ಹುಟ್ಟಿಸಬೇಕಾದರೆ ಹಳೆಯ ಗಿರಾಕಿಗಳ ಪಾಲು ಶೇ 23ನ್ನು ಮೀರಬಾರದು.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಬಾಟಲಿ ಬಂದರೆ ಏನು, ಬಾರದಿದ್ದರೆ ಏನು ಎಂದು ಎರಡನ್ನೂ ಎದುರುಬದುರು ಇಟ್ಟು ನೋಡಬೇಕು. ಎದುರಾಳಿ ಕಂಪನಿಯೊಂದು ಇಂಥದೇ ಬಾಟಲಿ ತರುತ್ತಿದ್ದು, ಆ 40,000 ಪೊಟ್ಟಣಗಳಲ್ಲಿ 30,000 ಹೇಗೂ ಅದರ ಪಾಲಾಗುವುದಿದ್ದರೆ, ಆ ನಷ್ಟವನ್ನು ನಮ್ಮ ಬಾಟಲಿಯ ತಲೆಗೆ ಕಟ್ಟುವುದು ತಪ್ಪು. ಉಳಿದ 10,000ದ 4 ಲಕ್ಷವನ್ನಷ್ಟೇ ಕಳೆಯಬೇಕು. ಆಗ ಯೋಜನೆ ಸುಮಾರು 20 ಲಕ್ಷ ಲಾಭಕ್ಕೆ ಮರಳುತ್ತದೆ. ಆಪಲ್ 2007ರಲ್ಲಿ ಐಫೋನ್ ತಂದಾಗ ಅದರೊಳಗೆ ತನ್ನದೇ ಐಪಾಡ್‌ನ ಕೆಲಸವನ್ನೂ ಸೇರಿಸಿತ್ತು. ಮುಂದೆ ಐಪಾಡ್ ಮಾರಾಟ ಕುಸಿಯಿತು. ಹಾಡು ಕೇಳಿಸುವ ಫೋನುಗಳನ್ನು ಬೇರೆಯವರೂ ಮಾರುತ್ತಿದ್ದರು. ಆ ಗಿರಾಕಿಗಳು ಐಪಾಡ್‌ಗೇ ಅಂಟಿಕೊಂಡಿರುತ್ತಿದ್ದರು ಎಂದು ಹೇಳುವಂತಿರಲಿಲ್ಲ.

ಅಪಾಯವಿರುವುದೂ ಇದೇ ವಾದದಲ್ಲಿ. ಯೋಜನೆಗೆ ಮಂಜೂರಾತಿ ಬೇಕಾದವರು "ನಾವು ತಿನ್ನದಿದ್ದರೆ ಬೇರೆಯವರು ತಿನ್ನುತ್ತಾರೆ" ಎಂದು ಎಲ್ಲ ನಷ್ಟವನ್ನೂ ಅಳಿಸಿಬಿಡಬಹುದು. ಹಾಗಾಗಿ ಮೊದಲು ಒಂದು ಊರಿನಲ್ಲಿ ಮಾತ್ರ ಬಾಟಲಿ ಮಾರಿ, ಅಲ್ಲಿಯ ಪುಡಿ ಮಾರಾಟವನ್ನು ಬಾಟಲಿ ಇಲ್ಲದ ಅಂಥದೇ ಊರಿನ ಮಾರಾಟದ ಜೊತೆ ಕೆಲವು ತಿಂಗಳು ಹೋಲಿಸಬೇಕು. ಮೊದಲ ವಾರಗಳ ಅಂಕಿ ನಂಬಬೇಡಿ. ರುಚಿ ನೋಡಲು ಕೊಂಡವರು ಪುಡಿಗೇ ಮರಳಬಹುದು. ಆ ವ್ಯತ್ಯಾಸ ಕೈಗೆ ಬರುವವರೆಗೆ ಯಂತ್ರಕ್ಕೆ ಮುಂಗಡ ಕೊಡಬೇಡಿ.