ಮಗಳು ಬರೆದ ಪತ್ರ, ಅಪ್ಪ ಕೊಡುವ ಉತ್ತರ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ಮುಂಬಯಿ, ಪುಣೆ ಕಡೆಯ ನಮ್ಮವರ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿರುವ ಹಾಳೆ ಆಮಂತ್ರಣ ಪತ್ರ. ವಿಸಿಟರ್ ವೀಸಾಕ್ಕೆ ಈ ಪತ್ರ ಕಡ್ಡಾಯವಲ್ಲ ಎಂದು ಅಮೆರಿಕ ಸರ್ಕಾರವೇ ಹೇಳುತ್ತದೆ. ಎಷ್ಟೋ ಸಲ ಕಿಟಕಿಯಾಚೆಯ ಅಧಿಕಾರಿ ಅದನ್ನು ಕೇಳುವುದೂ ಇಲ್ಲ. ಹಾಗಿದ್ದರೂ ಅದರ ಒಂದೊಂದು ವಾಕ್ಯವನ್ನೂ ತಾಳೆ ನೋಡಬೇಕು. ಏಕೆಂದರೆ ಏಜೆಂಟ್ ಅರ್ಜಿ ತುಂಬುವುದು, ಅಪ್ಪ ಅಮ್ಮ ಉತ್ತರ ಬಾಯಿಪಾಠ ಮಾಡುವುದು ಹೆಚ್ಚಾಗಿ ಆ ಪತ್ರ ನೋಡಿಕೊಂಡೇ. ಪತ್ರದ ತಪ್ಪು ಅಲ್ಲಿಂದ DS-160 ಅರ್ಜಿಗೆ, ಅರ್ಜಿಯಿಂದ ಬಾಯಿಗೆ ಬರುತ್ತದೆ.

ಒಂದು ಮಾದರಿ ಇಟ್ಟುಕೊಂಡು ನೋಡೋಣ. ಡೊಂಬಿವಲಿಯ ದಂಪತಿ, ಟೆಕ್ಸಾಸಿನಲ್ಲಿ ಮಗಳು. ಅವಳು ಬರೆಯುತ್ತಾಳೆ: 'ಮಗುವನ್ನು ನೋಡಿಕೊಳ್ಳಲು ಅಪ್ಪ ಅಮ್ಮ ಆರು ತಿಂಗಳು ನಮ್ಮೊಂದಿಗೆ ಇರುತ್ತಾರೆ. ಎಲ್ಲ ಖರ್ಚು ನನ್ನದು. ನಾವು ಇಲ್ಲಿಯೇ ನೆಲೆಸಿದ್ದೇವೆ. ನಿವೃತ್ತರಾದ ಅಪ್ಪನಿಗೆ ಸ್ವಂತ ಮನೆಯಿದೆ. ಅವರು ಮೊದಲ ಸಲ ವೀಸಾ ಕೇಳುತ್ತಿದ್ದಾರೆ.' ಓದಲು ಸೊಗಸಾಗಿದೆ, ಸುಳ್ಳು ಹೇಳುವ ಉದ್ದೇಶವೂ ಇಲ್ಲ.

ಈಗ ಪೆನ್ಸಿಲ್ ಹಿಡಿಯಿರಿ. ಅರ್ಜಿಯಲ್ಲಿ ವಾಸದ ಅವಧಿ ಮೂರು ತಿಂಗಳು ಎಂದಿದೆ. ಅಪ್ಪ ನಿವೃತ್ತರೇನೋ ಹೌದು, ಆದರೆ ಪರಿಚಯದ ಲೆಕ್ಕಪರಿಶೋಧಕರ ಕಚೇರಿಗೆ ವಾರಕ್ಕೆ ಮೂರು ದಿನ ಹೋಗಿ ಸಂಬಳ ತರುತ್ತಾರೆ. 'ಆರು ತಿಂಗಳು ಆ ಕೆಲಸ ಬಿಡುತ್ತೀರಾ?' ಎಂದು ಕೇಳಿದರೆ ಅವರು ತಬ್ಬಿಬ್ಬಾಗುವುದು ಖಂಡಿತ. ಇನ್ನು 'ಮಗುವನ್ನು ನೋಡಿಕೊಳ್ಳಲು' ಎಂಬ ಮಾತು. ನಮಗೆ ಬಾಣಂತನ ಎಂದರೆ ತಾಯಿಯ ಹಕ್ಕು. ಆದರೆ ಈ ವೀಸಾದಲ್ಲಿ ಉದ್ಯೋಗಕ್ಕೆ ಅವಕಾಶವಿಲ್ಲ. ಇಂಗ್ಲಿಷಿನಲ್ಲಿ ಅದೇ ಮಾತು ದಾದಿಯ ಕೆಲಸದಂತೆ ಕೇಳಿಸಿ ಇನ್ನೊಂದು ಪ್ರಶ್ನೆಗೆ ದಾರಿಯಾಗಬಹುದು. ಹೆರಿಗೆಯ ಸಮಯದಲ್ಲಿ ಮಗಳ ಜೊತೆಗಿದ್ದು ಮೊಮ್ಮಗುವನ್ನು ನೋಡಿ ಬರಲು ಹೋಗುತ್ತಿದ್ದಾರೆ ಎಂದರೆ ಅದು ನಿಜವೂ ಹೌದು, ಸರಳವೂ ಹೌದು.

'ಎಲ್ಲ ಖರ್ಚು ನನ್ನದು' ಎಂಬಲ್ಲಿ 'ಎಲ್ಲ' ಎಂಬ ಪದವೇ ತೊಡಕು. ಟಿಕೆಟ್ಟನ್ನು ಅಪ್ಪನೇ ತಮ್ಮ ಉಳಿತಾಯದಿಂದ ತೆಗೆದುಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ, ಅರ್ಜಿಯಲ್ಲೂ ಖರ್ಚು ಸ್ವಂತದ್ದು ಎಂದಿದೆ. ಮಗಳು ವಸತಿ, ಊಟ, ಆರೋಗ್ಯ ವಿಮೆ ನೋಡಿಕೊಳ್ಳುವುದಾದರೆ ಪತ್ರದಲ್ಲಿ ಅಷ್ಟನ್ನೇ ಬರೆಯಲಿ. 'ನೆಲೆಸಿದ್ದೇವೆ' ಎಂಬುದೂ ಹಾಗೆಯೇ. ಅವಳು ಇರುವುದು ಎಚ್-1ಬಿ ವೀಸಾದ ಮೇಲೆ. ಅರ್ಜಿಯಲ್ಲಿ ಮಗಳ ಸ್ಥಾನಮಾನ ಕೇಳುವಲ್ಲಿ ಪೌರರು, ಕಾಯಂ ನಿವಾಸಿ, ವಲಸಿಗರಲ್ಲದವರು ಎಂದು ಬೇರೆ ಬೇರೆ ಆಯ್ಕೆಗಳಿವೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಮಾತ್ರಕ್ಕೆ ಅದು ಸಿಕ್ಕಂತಲ್ಲ. ಮನೆಯ ಅಗ್ರಿಮೆಂಟ್ ತೆಗೆದು ನೋಡಿದರೆ ಫ್ಲಾಟ್ ಇರುವುದು ಅಮ್ಮನ ಹೆಸರಿನಲ್ಲಿ! ಇದು ದೊಡ್ಡ ದೋಷವಲ್ಲ, ಒಂದು ಪದ ತಿದ್ದಿದರೆ ಮುಗಿಯಿತು.

ದೊಡ್ಡದು ಕೊನೆಯ ವಾಕ್ಯ. ಹತ್ತು ವರ್ಷದ ಹಿಂದೆ ಅಪ್ಪ ಒಮ್ಮೆ ಅರ್ಜಿ ಹಾಕಿ ನಿರಾಕರಣೆ ಆಗಿತ್ತು. ಮಗಳಿಗೆ ನೆನಪಿಲ್ಲ, ಅಪ್ಪನಿಗೆ ಹೇಳಲು ಸಂಕೋಚ. ಆದರೆ ಆಗ ಕೊಟ್ಟ ಬೆರಳಚ್ಚು ಅವರ ದಾಖಲೆಯಲ್ಲಿ ಇರುತ್ತದೆ, ಮತ್ತು ಹಿಂದೆ ವೀಸಾ ನಿರಾಕರಣೆ ಆಗಿದೆಯೇ ಎಂದು ಅರ್ಜಿ ನೇರವಾಗಿ ಕೇಳುತ್ತದೆ. ಮರಳಿ ಬರುತ್ತಾರೆಂಬ ನಂಬಿಕೆ ಹುಟ್ಟಲಿಲ್ಲವೆಂದು 214(ಬಿ) ಕಲಮಿನಡಿ ನಿರಾಕರಿಸಿದರೆ ಮತ್ತೆ ಅರ್ಜಿ ಹಾಕಬಹುದು. ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚಿದರೆಂದು ತೀರ್ಮಾನವಾದರೆ ಅದು ಬೇರೆಯದೇ ಕಲಮು, ಆ ಅನರ್ಹತೆಗೆ ಅವಧಿಯೇ ಇಲ್ಲ. ಹಳೆಯ ನಿರಾಕರಣೆಯನ್ನು ಒಪ್ಪಿಕೊಂಡು, ಆಗಿನಿಂದ ಏನು ಬದಲಾಗಿದೆ ಎಂದು ಹೇಳುವುದೇ ಸುರಕ್ಷಿತ.

ತಾಳೆ ನೋಡಲು ಒಂದು ಹಾಳೆಯಲ್ಲಿ ಮೂರು ಕಾಲಂ ಸಾಕು: ಪತ್ರ ಏನು ಹೇಳುತ್ತದೆ, ಅರ್ಜಿ ಏನು ಹೇಳುತ್ತದೆ, ಯಾವ ಕಾಗದ ಅದನ್ನು ತೋರಿಸುತ್ತದೆ. ಅಂಕಿ, ದಿನಾಂಕ, ಒಡೆತನ, 'ಎಲ್ಲ', 'ಎಂದೂ', 'ಮೊದಲ ಸಲ' ಇವುಗಳ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಪತ್ರವನ್ನು ಬದಿಗಿಟ್ಟು ಅಪ್ಪನನ್ನೂ ಅಮ್ಮನನ್ನೂ ಬೇರೆ ಬೇರೆ ಕೇಳಿ: ಎಷ್ಟು ದಿನ, ಯಾರ ಖರ್ಚು, ಅಳಿಯನ ಕೆಲಸ ಎಲ್ಲಿ? ಇಬ್ಬರ ಉತ್ತರ ಬೇರೆಯಾದರೆ ಅವರಿಗೆ ಪಾಠ ಒಪ್ಪಿಸಬೇಡಿ. ಯಾವುದು ನಿಜವೆಂದು ಮನೆಯಲ್ಲೇ ತೀರ್ಮಾನಿಸಿ, ಪತ್ರವನ್ನು ಅದರಂತೆ ತಿದ್ದಿ.

ಪತ್ರ ಸರಿಯಿದ್ದು ಅರ್ಜಿಯೇ ತಪ್ಪಾಗಿದ್ದರೆ ಕೆಲಸ ಸ್ವಲ್ಪ ಹೆಚ್ಚು. ಸಲ್ಲಿಸಿದ DS-160 ಅನ್ನು ತಿದ್ದಲು ಬರುವುದಿಲ್ಲ, ಹೊಸದನ್ನೇ ತುಂಬಬೇಕು. ಹೊಸ ದೃಢೀಕರಣ ಸಂಖ್ಯೆಯನ್ನು ಅಪಾಯಿಂಟ್‌ಮೆಂಟ್ ಖಾತೆಯಲ್ಲಿಯೂ ಬದಲಿಸಬೇಕು. ಇದು ಸಂದರ್ಶನದ ಹಿಂದಿನ ರಾತ್ರಿ ಮಾಡುವ ಕೆಲಸವಲ್ಲ. ತಾಳೆ ನೋಡುವುದನ್ನು ಎರಡು ವಾರ ಮೊದಲೇ ಇಟ್ಟುಕೊಳ್ಳಿ.